ಶೋಲ್ಡರ್ ಸ್ಪೆಷಲೈಜೇಶನ್ ಪ್ಲಾನ್‌ಗೆ ದುಡ್ಡು ಕೊಡುವ ಮುಂಚೆ ಚೆಸ್ಟ್ ಸೆಟ್ಸ್ ಎಣಿಸಿ

ಆನ್‌ಲೈನ್ ಕೋಚ್ ಒಬ್ಬರ ಹತ್ತಿರ ಆರು ವಾರದ ಶೋಲ್ಡರ್ ಸ್ಪೆಷಲೈಜೇಶನ್ ಪ್ಲಾನ್ ತಗೊಂಡಿದ್ದೆ. ಅದು ಮುಗಿಯುವ ಮೊದಲೇ ಬಲಗೈ ಪಕ್ಕಕ್ಕೆ ಎತ್ತಲು ಆಗದೆ ಫಿಸಿಯೋ ಹತ್ತಿರ ಹೋಗಬೇಕಾಯಿತು. ಕೋಚ್ ಹೆಸರು ಬರೆಯುವುದಿಲ್ಲ. ಇದೇ ತರಹದ ಪ್ಲಾನ್ ಮಾರುವವರು ತುಂಬಾ ಜನ ಇದ್ದಾರೆ, ಹಾಗಾಗಿ ಹೆಸರಿಗಿಂತ ಪ್ಲಾನ್ ಒಳಗೆ ಏನಿತ್ತು ಅನ್ನೋದು ನಿಮಗೆ ಗೊತ್ತಿರಬೇಕು.

ನನ್ನ ಎದೆ, ಬೆನ್ನು ಚೆನ್ನಾಗಿ ಬಂದಿವೆ. ಭುಜಕ್ಕೆ ಮಾತ್ರ ಅಗಲ ಇಲ್ಲ. ಅಗಲ ಕೊಡುವುದು ಭುಜದ ಪಕ್ಕದ ಸ್ನಾಯು, ಅಂದರೆ ಸೈಡ್ ಡೆಲ್ಟ್. ಮುಂದಿನ ಡೆಲ್ಟ್ ಬೆಂಚ್ ಪ್ರೆಸ್, ಇನ್‌ಕ್ಲೈನ್ ಪ್ರೆಸ್‌ನಲ್ಲೇ ಸಾಕಷ್ಟು ಕೆಲಸ ಮಾಡಿರುತ್ತದೆ. ಮೊದಲು ನಾನು ವಾರಕ್ಕೆ ಎದೆಗೆ 12 ಸೆಟ್ಸ್, ಬೆನ್ನಿಗೆ 14, ಕಾಲಿಗೆ 12, ಸೈಡ್ ಡೆಲ್ಟ್‌ಗೆ 6 ಮಾಡುತ್ತಿದ್ದೆ. ಕೋಚ್ ಸೈಡ್ ಡೆಲ್ಟ್ ಅನ್ನು 16ಕ್ಕೆ ಏರಿಸಿದರು, ಅದರ ಜೊತೆ ಓವರ್‌ಹೆಡ್ ಪ್ರೆಸ್ 6 ಸೆಟ್ಸ್ ಹಾಕಿದರು, ಉಳಿದದ್ದನ್ನು ಇದ್ದ ಹಾಗೇ ಬಿಟ್ಟರು. ಒಂದು ಸೆಟ್ ಕೂಡ ಇಳಿಸಲಿಲ್ಲ!

ಇದು ಸ್ಪೆಷಲೈಜೇಶನ್ ಅಲ್ಲವೇ ಅಲ್ಲ. ಒಂದು ಭಾಗಕ್ಕೆ ಜಾಸ್ತಿ ಕೆಲಸ ಕೊಡಬೇಕಾದರೆ ಬೇರೆ ಭಾಗಗಳನ್ನು ಇದ್ದದ್ದು ಉಳಿಯುವಷ್ಟು ಕೆಲಸಕ್ಕೆ, ಅಂದರೆ ಮೇಂಟೆನೆನ್ಸ್‌ಗೆ ಇಳಿಸಲೇಬೇಕು, ಯಾಕಂದ್ರೆ ರಿಕವರಿಗೆ ಇರುವುದು ಒಂದೇ ದೇಹ, ಒಂದೇ ನಿದ್ದೆ, ಒಂದೇ ಊಟ. ನನ್ನ ಮುಂದಿನ ಡೆಲ್ಟ್ ಲೆಕ್ಕ ಹಾಕಿ ನೋಡಿ: ಎದೆಯ ಪ್ರೆಸ್‌ಗಳ ಮೇಲೆ ಇನ್ನೂ 6 ಓವರ್‌ಹೆಡ್ ಸೆಟ್ಸ್. ಹಿಂದೆ ಬಿದ್ದಿದ್ದು ಸೈಡ್ ಡೆಲ್ಟ್, ಜಾಸ್ತಿ ಸುಸ್ತಾಗಿದ್ದು ಮುಂದಿನದು ಮತ್ತು ಕೀಲು.

ಮೊದಲ ಸೂಚನೆ ನೋವಲ್ಲ, ರೆಪ್ಸ್. ಕೈ ಪಕ್ಕಕ್ಕೆ ಎತ್ತುವ ಲ್ಯಾಟರಲ್ ರೈಸ್‌ನಲ್ಲಿ 10 ಕೆಜಿ ಡಂಬಲ್‌ಗೆ 14 ರೆಪ್ಸ್ ಬರುತ್ತಿದ್ದದ್ದು 11ಕ್ಕೆ ಇಳಿಯಿತು. ಯಾವ ಸ್ನಾಯು ಬೆಳೆಯಲಿ ಅಂತ ಈ ಕೆಲವು ವಾರಗಳ ಬ್ಲಾಕ್ ಮಾಡುತ್ತಿದ್ದೇವೋ ಅದರ ರೆಪ್ಸ್ ಎರಡು ವಾರ ಸತತವಾಗಿ ಇಳಿದರೆ ಅಲ್ಲೇ ನಿಲ್ಲಿಸಿ ಸೆಟ್ಸ್ ಕಡಿಮೆ ಮಾಡಬೇಕು. ನಾನು ಇದನ್ನು ಹೇಳಿದಾಗ ಕೋಚ್ ನಿಲ್ಲದೆ ತೂಕ ಇಳಿಸುತ್ತಾ ಮಾಡುವ ಇನ್ನೊಂದು ಡ್ರಾಪ್ ಸೆಟ್ ಸೇರಿಸಿದರು.

ಆಮೇಲೆ ನೋವು ಬಂತು. ಕೈ ಪಕ್ಕಕ್ಕೆ ಎತ್ತುತ್ತಾ ಹೋದರೆ ಭುಜದ ಮಟ್ಟಕ್ಕೆ ಬರುವಾಗ ಚುಚ್ಚುತ್ತಿತ್ತು, ಇನ್ನೂ ಮೇಲೆ ಹೋದರೆ ಕಡಿಮೆಯಾಗುತ್ತಿತ್ತು. ಬಲಗಡೆ ಮಲಗಿದರೆ ನಿದ್ದೆ ಇಲ್ಲ. "ಅದು ಸೋರ್‌ನೆಸ್, ಮಸಲ್ ಬೆಳೀತಿದೆ" ಅಂದರು ಕೋಚ್. ಈ ಮಾತನ್ನು ದಯವಿಟ್ಟು ನಂಬಬೇಡಿ. ಸೋರ್‌ನೆಸ್ ಸ್ನಾಯುವಿನ ದಪ್ಪ ಭಾಗದಲ್ಲಿ ಮಂದವಾಗಿ ಇರುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ, ವಾರ್ಮ್ ಅಪ್ ಮಾಡಿದರೆ ಹಗುರಾಗುತ್ತದೆ. ಒಂದೇ ಕೋನದಲ್ಲಿ ಚುಚ್ಚುವ, ರಾತ್ರಿ ಎಬ್ಬಿಸುವ ನೋವು ಬೇರೆ. ಅದಕ್ಕೆ ಫಿಸಿಯೋ ಅಥವಾ ಡಾಕ್ಟರ್ ನೋಡಬೇಕು, ಇನ್ನೊಂದು ಸೆಟ್ ಅಲ್ಲ.

ಫಿಸಿಯೋ ನನ್ನ ಲ್ಯಾಟರಲ್ ರೈಸ್ ಕೂಡ ಮಾಡಿಸಿ ನೋಡಿದರು. ಕೋಚ್ ವಿಡಿಯೋದಲ್ಲಿ ಹೇಳಿಕೊಟ್ಟಂತೆ ಹೆಬ್ಬೆರಳು ಕೆಳಗೆ, ಕಿರುಬೆರಳು ಮೇಲೆ ಮಾಡಿ ಎತ್ತುತ್ತಿದ್ದೆ. ಹಾಗೆ ತಿರುಗಿಸಿದರೆ ಭುಜದ ಮೂಳೆಯ ಕೆಳಗಿರುವ ಸ್ನಾಯುರಜ್ಜುಗೆ ಜಾಗ ಕಡಿಮೆಯಾಗಬಹುದು. ಅಂಗೈ ನೆಲಕ್ಕೆ ಅಥವಾ ಹೆಬ್ಬೆರಳು ಸ್ವಲ್ಪ ಮೇಲಕ್ಕೆ ಇಟ್ಟು, ಕೈಗಳನ್ನು ನೇರ ಪಕ್ಕಕ್ಕಲ್ಲದೆ ತುಸು ಮುಂದಕ್ಕೆ ತಂದು, ಭುಜದ ಮಟ್ಟಕ್ಕೆ ನಿಲ್ಲಿಸಿ ಅಂದರು. ಅಷ್ಟಕ್ಕೇ ಚುಚ್ಚುವುದು ಎಷ್ಟೋ ಕಡಿಮೆಯಾಯಿತು. ಓವರ್‌ಹೆಡ್ ಪ್ರೆಸ್ ಮತ್ತು ಅಪ್‌ರೈಟ್ ರೋ ಪೂರ್ತಿ ಬಿಡಿಸಿದರು.

ನೋವು ಹೋದ ಮೇಲೆ ಸರಿಯಾಗಿ ಮಾಡಿದ ಬ್ಲಾಕ್ ಹೀಗಿತ್ತು. ಎದೆ 5 ಸೆಟ್ಸ್, ಬೆನ್ನು 6, ಕಾಲು 5. ಸೆಟ್ಸ್ ಮಾತ್ರ ಇಳಿಸಿದ್ದು, ತೂಕ ಇಳಿಸಲಿಲ್ಲ. ಮೇಂಟೆನೆನ್ಸ್ ಅಂತ ಖಾಲಿ ಬಾರ್ ಎತ್ತುತ್ತಾ ಕೂತರೆ ಇದ್ದದ್ದೂ ಹೋಗುತ್ತದೆ. ಇಷ್ಟು ಕಡಿಮೆ ಸಾಕಾ ಅನ್ನೋ ಭಯ ನನಗೂ ಇತ್ತು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ವಾರ ಕಾಲಿನ ತರಬೇತಿ ಮಾಡಿದವರಿಗೆ ಮುಂದಿನ 32 ವಾರ ಕೆಲಸವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೂ ಹರೆಯದವರ ಸ್ನಾಯು ಉಳಿದುಕೊಂಡಿತ್ತು. 60 ದಾಟಿದವರಿಗೆ ಆ ಗಾತ್ರ ಹಾಗೆ ಉಳಿಯಲಿಲ್ಲ, ಹಾಗಾಗಿ ವಯಸ್ಸಾದವರು ಇಷ್ಟು ಇಳಿಸಬೇಡಿ.

ಸೈಡ್ ಡೆಲ್ಟ್ 6ರಿಂದ ನೇರ 16ಕ್ಕೆ ಹಾರಲಿಲ್ಲ. 9ರಿಂದ ಶುರು, ರೆಪ್ಸ್ ಏರುತ್ತಿದ್ದರೆ ಮಾತ್ರ ವಾರಕ್ಕೆ ಒಂದೆರಡು ಸೆಟ್ಸ್ ಜಾಸ್ತಿ, ಅದನ್ನೂ ಮೂರು ದಿನಕ್ಕೆ ಹಂಚಿದೆ. 14ಕ್ಕೆ ನಿಲ್ಲಿಸಿದೆ.

ಕಾಫ್ಸ್ ಹಿಂದೆ ಬಿದ್ದಿರುವವರಿಗೂ ಲೆಕ್ಕ ಇದೇ, ಆದರೆ ಅಲ್ಲಿ ನೋಡಬೇಕಾದದ್ದು ರನ್ನಿಂಗ್ ಮತ್ತು ಸ್ಕಿಪ್ಪಿಂಗ್. ಅವನ್ನು ಕಡಿಮೆ ಮಾಡದೆ ಕಾಫ್ ರೈಸ್ ಏರಿಸಿದರೆ ಹಿಮ್ಮಡಿ ಮೇಲಿನ ರಜ್ಜು ಬೆಳಗ್ಗೆ ಎದ್ದಾಗ ಬಿಗಿದುಕೊಂಡಿರಬಹುದು.

ದುಡ್ಡು ಕಳಿಸುವ ಮುಂಚೆ ಕೋಚ್‌ಗೆ ಎರಡು ಪ್ರಶ್ನೆ ಕೇಳಿ: ಎದೆ, ಬೆನ್ನು, ಕಾಲಿನ ಸೆಟ್ಸ್ ಎಷ್ಟು ಇಳಿಸುತ್ತೀರಿ? ರೆಪ್ಸ್ ಇಳಿದರೆ ಏನು ಮಾಡುತ್ತೀರಿ? ಮೊದಲನೆಯದಕ್ಕೆ "ಏನೂ ಇಳಿಸಲ್ಲ" ಅಂತ ಉತ್ತರ ಬಂದರೆ ಆ ಪ್ಲಾನ್ ತಗೋಬೇಡಿ.