ಸಣ್ಣ ವಾರ್ಡಿಗೆ ಆಮ್ಲಜನಕದ ಬಿ ಸಿಲಿಂಡರೋ, ಡಿ ಸಿಲಿಂಡರೋ?

ಗೇಜಿನ ಮುಳ್ಳು ಎರಡರಲ್ಲೂ 40 ಬಾರ್ ತೋರಿಸುತ್ತಿದೆ ಅಂದುಕೊಳ್ಳಿ. ರೋಗಿಗೆ ನಿಮಿಷಕ್ಕೆ 5 ಲೀಟರ್ ಹೋಗುತ್ತಿದೆ. ಬಿ ಸಿಲಿಂಡರಿನ ಒಳಗಾತ್ರ ಸುಮಾರು 10 ಲೀಟರ್. ಅದನ್ನು 40ರಿಂದ ಗುಣಿಸಿದರೆ ಉಳಿದಿರುವುದು 400 ಲೀಟರ್, ಅಂದರೆ 80 ನಿಮಿಷ. ಡಿ ಸುಮಾರು 46 ಲೀಟರಿನದ್ದು, ಅದು ಇನ್ನೂ ಆರು ಗಂಟೆ ಬರುತ್ತದೆ. ಮುಳ್ಳು ಒಂದೇ ಕಡೆ ಇದ್ದರೂ ಅವಸರ ಬೇರೆ, ಅಲ್ವಾ?

ರಾತ್ರಿ ಒಬ್ಬರೇ ನರ್ಸ್ ಇರುವ ವಾರ್ಡಿಗೆ ನನ್ನ ಆಯ್ಕೆ ಡಿ. ಆದರೆ ಅದು ಭಾರ. ಉರುಳಿಸಬಾರದು, ಟ್ರಾಲಿ ಬೇಕು, ಗೋಡೆಗೆ ಸರಪಳಿ ಕಟ್ಟಬೇಕು. ಬಿ ರೋಗಿಯನ್ನು ಸಾಗಿಸಲು ಒಳ್ಳೆಯದು. ಡಿ ಬದಲಿಸುವಾಗ ಆಸರೆಗೂ ಅದೇ: ಮೊದಲು ರೋಗಿಯನ್ನು ಬಿಗೆ ಹಾಕಿ, ಆಮೇಲೆ ಡಿ ವಾಲ್ವ್ ಮುಚ್ಚಿ, ರೆಗ್ಯುಲೇಟರಿನ ಒತ್ತಡ ಸೊನ್ನೆಗೆ ಇಳಿದ ಮೇಲೆ ಬಿಚ್ಚಿ.

ಹೊಸದರ ವಾಲ್ವ್ ನಿಧಾನವಾಗಿ ತೆರೆಯಿರಿ. ಬಿಗಿಯಾಗಿದೆ ಅಂತ ಎಣ್ಣೆ ಮಾತ್ರ ಹಾಕಬೇಡಿ, ಆಮ್ಲಜನಕದ ಒತ್ತಡದಲ್ಲಿ ಅದು ಹೊತ್ತಿಕೊಳ್ಳುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗಿರಲಿ. ಸುಂಯ್ ಎಂದರೆ ವಾಲ್ವ್ ಮುಚ್ಚಿ ವಾಷರ್ ನೋಡಿ. ಸುಮ್ನೆ ಸ್ಪ್ಯಾನರಿನಲ್ಲಿ ಇನ್ನೂ ಬಿಗಿದರೆ ಸೋರಿಕೆ ನಿಲ್ಲದು. ಖಾಲಿಯಾದದ್ದಕ್ಕೆ ಚೀಟಿ ಅಂಟಿಸಿ, ತುಂಬಿದವುಗಳಿಂದ ದೂರ ಇಡಿ.