ಬಸ್ಸಿನಲ್ಲಿ ಡಿಐ: ಮಾಕ್ ಟೆಸ್ಟ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದು ಸಾರ್ಥಕವೇ?

ಬ್ಯಾಂಕ್ ಪರೀಕ್ಷೆಯ ಮಾಕ್ ಟೆಸ್ಟ್ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಅದು ಮುಗಿಯುತ್ತಾ ಬಂತು, ನವೀಕರಿಸಿ ಅಂತ ದಿನಾ ಮೆಸೇಜ್ ಬರುತ್ತಿದೆ. ಎಷ್ಟು ಟೆಸ್ಟ್ ಇವೆ, ಯಾವ ಯಾವ ಪರೀಕ್ಷೆಗೆ ಆಗುತ್ತದೆ ಅನ್ನುವುದನ್ನೆಲ್ಲ ನಾನಿಲ್ಲಿ ಬರೆಯುವುದಿಲ್ಲ, ಅವರ ಜಾಹೀರಾತಿನಲ್ಲೇ ಇದೆ. ನಾನು ದುಡ್ಡು ಕೊಟ್ಟದ್ದು ಡಿಐ ಸೆಟ್‌ಗಳಿಗಾಗಿ. ಬಾರ್ ಗ್ರಾಫ್, ಪೈ ಚಾರ್ಟ್ ಕೊಟ್ಟು ಎಷ್ಟು ಪರ್ಸೆಂಟ್ ಏರಿತು, ಎಷ್ಟು ಇಳಿಯಿತು ಅಂತ ಕೇಳುವ ಪ್ರಶ್ನೆಗಳಿಗಾಗಿ. ಮಿಕ್ಕದ್ದೆಲ್ಲ ಹಳೆ ಪುಸ್ತಕದಲ್ಲೇ ಸಿಗುತ್ತದೆ.

ಬೆಳಗ್ಗೆ ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಒಂದು ಸೆಟ್, ಸಿಗದಿದ್ದರೆ ನಿಂತೇ ಅರ್ಧ ಸೆಟ್. ನಮ್ಮ ರಸ್ತೆಯ ತಿರುವಿನಲ್ಲಿ ಪೆನ್ನು ಹಿಡಿದು ಭಾಗಾಕಾರ ಮಾಡುವುದು ಆಗದ ಮಾತು. ಒಂದು ಕೈ ಕಂಬಿಗೆ, ಇನ್ನೊಂದು ಕೈ ಫೋನಿಗೆ. ಹಾಗಾಗಿ ಏನು ಮಾಡಿದರೂ ತಲೆಯಲ್ಲೇ ಮಾಡಬೇಕು. ಅಂದಾಜಿನ ರೂಢಿ ನನಗೆ ಬಂದದ್ದು ಹೀಗೆ. ಆಮೇಲೆ ನೋಡಿದರೆ ಪರೀಕ್ಷೆಯಲ್ಲೂ ಅದೇ ಬೇಕಿತ್ತು. ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಗಣಿತದ 35 ಪ್ರಶ್ನೆಗೆ 20 ನಿಮಿಷ ಅಂದರೆ ಒಂದಕ್ಕೆ ಅರ್ಧ ನಿಮಿಷಕ್ಕಿಂತ ತುಸು ಜಾಸ್ತಿ ಅಷ್ಟೆ. ತಪ್ಪಿದರೆ ಕಾಲು ಅಂಕ ಹೋಗುತ್ತದೆ.

ಪ್ರಶ್ನೆ ತೆರೆದ ಕೂಡಲೇ ನಾನು ಗ್ರಾಫ್ ನೋಡುವುದಿಲ್ಲ, ಆಯ್ಕೆಗಳನ್ನು ನೋಡುತ್ತೇನೆ. 12, 18, 25, 31 ಅಂತ ದೂರ ದೂರ ಇದ್ದರೆ ಒರಟು ಅಂದಾಜು ಸಾಕು. 17.6, 18.4, 19.1 ಅಂತ ಒತ್ತೊತ್ತಾಗಿದ್ದರೆ ಇನ್ನೊಂದು ಹೆಜ್ಜೆ ಬೇಕು. ಎಷ್ಟು ನಿಖರವಾಗಿ ಲೆಕ್ಕ ಮಾಡಬೇಕು ಅಂತ ಹೇಳುವುದು ಗ್ರಾಫ್ ಅಲ್ಲ, ಆಯ್ಕೆಗಳ ನಡುವಿನ ಅಂತರ. ಈ ಆ್ಯಪ್‌ನಲ್ಲಿ ನನಗೆ ಮೊದಲು ಹಿಡಿಸಿದ್ದೂ ಇದೇ. ಆಯ್ಕೆಗಳನ್ನು ಸುಮ್ನೆ ತುಂಬಿಸಿಲ್ಲ. ಯಾರು ಎಲ್ಲಿ ಎಡವುತ್ತಾರೆ ಅಂತ ಗೊತ್ತಿದ್ದವರೇ ಇಟ್ಟಿದ್ದಾರೆ.

ಒಂದು ಸೆಟ್ ಹೇಳುತ್ತೇನೆ. ಒಬ್ಬ ವ್ಯಾಪಾರಿ ಐದು ವರ್ಷ ಮಾರಿದ ಅಡಿಕೆ, ಟನ್ ಲೆಕ್ಕದಲ್ಲಿ. 2019ರಲ್ಲಿ 348, ಆಮೇಲೆ ಕ್ರಮವಾಗಿ 412, 455, 538, 601. ಹಿಂದಿನ ವರ್ಷಕ್ಕಿಂತ ಶೇಕಡಾ ಏರಿಕೆ ಅತಿ ಹೆಚ್ಚಾದದ್ದು ಯಾವ ವರ್ಷ?

ವ್ಯತ್ಯಾಸಗಳು 64, 43, 83, 63. ಕಣ್ಣು ತಕ್ಷಣ 83ರ ಮೇಲೆ, ಅಂದರೆ 2022ರ ಮೇಲೆ ಬೀಳುತ್ತದೆ. ಗ್ರಾಫ್‌ನಲ್ಲೂ ದೊಡ್ಡ ಜಿಗಿತ ಅದೇ. ಆದರೆ ಕೇಳಿದ್ದು ಟನ್ ಅಲ್ಲ, ಪರ್ಸೆಂಟ್. ಹಾಗಾಗಿ ಪ್ರತಿ ಬಾರಿಯೂ ಹಿಂದಿನ ವರ್ಷದ ಶೇ 10 ಎಷ್ಟು ಅಂತ ನೋಡಬೇಕು. ಅದಕ್ಕೆ ಲೆಕ್ಕವೇ ಬೇಡ, ಬಿಂದು ಒಂದು ಮನೆ ಎಡಕ್ಕೆ ಸರಿದರೆ ಆಯಿತು. 412ಕ್ಕೆ 41, ಏರಿದ್ದು 43. ಶೇ 10ರ ಆಸುಪಾಸು. 538ಕ್ಕೆ 54, ಏರಿದ್ದು 63. ಹನ್ನೆರಡರ ಹತ್ತಿರ. ಈ ಎರಡನ್ನೂ ಇಲ್ಲೇ ಬಿಡಬಹುದು. 348ಕ್ಕೆ ಶೇ 10 ಅಂದರೆ 35, ಏರಿದ್ದು 64. 455ಕ್ಕೆ 45.5, ಏರಿದ್ದು 83. ಎರಡೂ ಶೇ 20ಕ್ಕೆ ಸ್ವಲ್ಪ ಕಡಿಮೆ. ಈಗ ಉಳಿದದ್ದು ಇವೆರಡರ ನಡುವಿನ ಪೈಪೋಟಿ ಮಾತ್ರ.

ಇಲ್ಲಿ ಹೆಚ್ಚಿನವರು ಭಾಗಾಕಾರಕ್ಕೆ ಇಳಿಯುತ್ತಾರೆ. ಬೇಕಿಲ್ಲ. 64 ಇದ್ದದ್ದು 83 ಆಯಿತು, ಅಂದರೆ 19 ಹೆಚ್ಚು. 64ರ ಶೇ 30 ಅಂದರೆ 19.2. ಹಾಗಾದರೆ ವ್ಯತ್ಯಾಸ ಬೆಳೆದದ್ದು ಶೇ 30ಕ್ಕೆ ಕೂದಲೆಳೆ ಕಡಿಮೆ. ಇನ್ನು ಬುಡದ ಸಂಖ್ಯೆ 348ರಿಂದ 455ಕ್ಕೆ ಹೋಯಿತು, 107 ಹೆಚ್ಚು. 348ರ ಶೇ 30 ಅಂದರೆ 104 ಚಿಲ್ಲರೆ. ಬುಡ ಬೆಳೆದದ್ದು ಶೇ 30ಕ್ಕಿಂತ ಜಾಸ್ತಿ. ಮೇಲಿನದಕ್ಕಿಂತ ಕೆಳಗಿನದು ಹೆಚ್ಚು ಬೆಳೆದರೆ ಭಿನ್ನರಾಶಿ ಕುಗ್ಗುತ್ತದೆ. ಅಂದರೆ 2022ರ ಏರಿಕೆ 2020ರ ಏರಿಕೆಗಿಂತ ಕಡಿಮೆ. ಉತ್ತರ 2020. ಪೂರ್ತಿ ಲೆಕ್ಕ ಮಾಡಿದರೆ 18.4 ಮತ್ತು 18.2 ಬರುತ್ತದೆ. ಭಾಗಾಕಾರ ಮಾಡುತ್ತಾ ಕೂತವರಿಗೆ ಎರಡಕ್ಕೂ ‘ಹದಿನೆಂಟು ಚಿಲ್ಲರೆ’ ಬಂದು, ಮತ್ತೆ ದಶಾಂಶಕ್ಕೆ ಹೋಗಬೇಕಾಗುತ್ತದೆ.

ಆದರೆ ಆ್ಯಪ್‌ನ ವಿವರಣೆ ಓದಿದರೆ ಬೇಜಾರಾಗುತ್ತದೆ. ನಾಲ್ಕು ವರ್ಷಕ್ಕೂ ನಾಲ್ಕು ಭಾಗಾಕಾರ, ಎರಡು ದಶಾಂಶದವರೆಗೆ, ಶಾಲೆಯ ನೋಟ್ಸಿನ ಹಾಗೆ. ಪಕ್ಕದಲ್ಲೇ ‘ಉತ್ತಮ ಸಮಯ: 25 ಸೆಕೆಂಡು’ ಅಂತ ಬರೆದಿರುತ್ತದೆ. ಅಷ್ಟು ಭಾಗಾಕಾರ 25 ಸೆಕೆಂಡಿನಲ್ಲಿ ಯಾರು ಮಾಡುತ್ತಾರೆ ಸ್ವಾಮಿ? ಪ್ರಶ್ನೆ ಮಾಡಿದವರೇ ಬೇರೆ, ವಿವರಣೆ ಬರೆದವರೇ ಬೇರೆ ಅಂತ ನನ್ನ ಗುಮಾನಿ. ನನ್ನ ತಂಗಿಯೂ ಇದೇ ಖಾತೆಯಲ್ಲಿ ಅಭ್ಯಾಸ ಮಾಡುತ್ತಾಳೆ. ಅವಳು ವಿವರಣೆ ಓದಿ, “ಅಣ್ಣ, ನನಗೆ ಇದೆಲ್ಲ ಆಗದು, ಗಣಿತ ಬಿಟ್ಟು ರೀಸನಿಂಗ್ ಮಾಡ್ತೇನೆ” ಅಂದಳು. ಶೇ 10ರ ದಾರಿ ತೋರಿಸಿದ ಮೇಲೆ ಈಗ ನನಗಿಂತ ಬೇಗ ಮುಗಿಸುತ್ತಾಳೆ.

ಇಷ್ಟನ್ನು ನಾನು ಸಹಿಸಿಕೊಂಡಿದ್ದೆ, ವಿವರಣೆ ಓದದಿದ್ದರೆ ಆಯಿತು ಅಂತ. ಸಿಟ್ಟು ಬಂದದ್ದು ನಡುವೆ ಬಂದ ಅಪ್‌ಡೇಟ್‌ನಿಂದ.

ಮೊದಲು ಪ್ರತಿ ಕಂಬದ ತಲೆಯ ಮೇಲೆ ಸಂಖ್ಯೆ ಇರುತ್ತಿತ್ತು. ಈಗ ಚಿಕ್ಕ ಪರದೆಯ ಫೋನಿನಲ್ಲಿ ಅದು ಕಾಣುವುದಿಲ್ಲ. ಕಂಬವನ್ನು ಮುಟ್ಟಿದರೆ ಒಂದು ಸಂಖ್ಯೆ ಪುಟ್ಟದಾಗಿ ಬಂದು ಮಾಯವಾಗುತ್ತದೆ. ಬೆರಳು ಪಕ್ಕದ ಕಂಬಕ್ಕೆ ತಾಗಿದರೆ ಅದರದ್ದು ಬರುತ್ತದೆ. ಬಸ್ಸಿನಲ್ಲಿ ಐದು ಕಂಬ ಮುಟ್ಟುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮುಟ್ಟದೆ, ಹಿಂದಿನ ಅಡ್ಡಗೆರೆ ನೋಡಿ ಅಂದಾಜು ಮಾಡೋಣ ಅಂದರೆ ಗೆರೆಗಳು ನೂರು ನೂರಕ್ಕೆ ಒಂದು.

ಇದು ಬರೀ ಕಿರಿಕಿರಿಯ ಮಾತಲ್ಲ. ಅಂದಾಜು ನಡೆಯುವುದು ಮೂಲ ಸಂಖ್ಯೆ ಸರಿ ಇದ್ದಾಗ. 348ನ್ನೂ 412ನ್ನೂ ಕಣ್ಣಳತೆಯಲ್ಲಿ ಓದಿದರೆ ಒಂದೊಂದರಲ್ಲಿ ಐದು ಟನ್ ಆಚೀಚೆ ಆಗುವುದು ಸಹಜ. ಐದು ಟನ್ ಅಂದರೆ 348ಕ್ಕೆ ಶೇ 1.5ಕ್ಕೂ ಕಡಿಮೆ, ಏನೂ ಅಲ್ಲ ಅನಿಸುತ್ತದೆ. ಆದರೆ ನಮಗೆ ಬೇಕಾದದ್ದು ವ್ಯತ್ಯಾಸ. 64 ಇರಬೇಕಾದದ್ದು 54 ಆಗಬಹುದು, 74 ಆಗಬಹುದು. ಆಗ ಏರಿಕೆ ಶೇ 15ರಿಂದ 21ರ ಆಚೆಗೂ ಎಲ್ಲಿ ಬೇಕಾದರೂ ಕೂರುತ್ತದೆ. 18.4 ಮತ್ತು 18.2ರ ನಡುವೆ ಆರಿಸಿ ಅಂತ ಕೇಳಿ, ಸಂಖ್ಯೆಯನ್ನು ಮುಚ್ಚಿಡುವುದು ಯಾವ ನ್ಯಾಯ? ಕಣ್ಣಳತೆಯಲ್ಲಿ ಓದಬೇಕಾದ ಗ್ರಾಫ್‌ಗೆ ಆಯ್ಕೆಗಳು ದೂರ ದೂರ ಇರಲೇಬೇಕು. ಇಲ್ಲದಿದ್ದರೆ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದೇ ಲಾಭ.

ಸಾಲದ್ದಕ್ಕೆ, ಹೊಸ ನೋಟದಲ್ಲಿ ಕಂಬಗಳು ಸೊನ್ನೆಯಿಂದ ಶುರುವಾಗುವುದಿಲ್ಲ. ಜಾಗ ಉಳಿಸಲಿಕ್ಕೆ 300ರಿಂದ ಶುರು. 348ರ ಕಂಬ 48ರಷ್ಟು ಎತ್ತರ, 412ರದ್ದು 112ರಷ್ಟು ಎತ್ತರ. ನೋಡಿದವರಿಗೆ ವ್ಯಾಪಾರ ಒಂದೇ ವರ್ಷಕ್ಕೆ ದುಪ್ಪಟ್ಟಿಗಿಂತ ಜಾಸ್ತಿ ಆದ ಹಾಗೆ ಕಾಣುತ್ತದೆ. ನಿಜವಾಗಿ ಆದದ್ದು ಶೇ 18. ಹಾಗಾಗಿ ಈಗ ನನ್ನ ಕಣ್ಣು ಮೊದಲು ಹೋಗುವುದು ಎಡಗಡೆ ಕೆಳಮೂಲೆಗೆ. ಅಲ್ಲಿ 0 ಇಲ್ಲದಿದ್ದರೆ ಕಂಬದ ಎತ್ತರವನ್ನು ನಂಬುವುದಿಲ್ಲ.

ದೂರು ಬರೆದೆ. ‘ಸಂಬಂಧಪಟ್ಟ ತಂಡಕ್ಕೆ ಕಳುಹಿಸಿದ್ದೇವೆ’ ಅನ್ನುವ ಉತ್ತರ ಬಂತು. ಆ ತಂಡದಿಂದ ಇನ್ನೂ ಸುದ್ದಿಯಿಲ್ಲ.

ಇಷ್ಟಾದರೂ ಆ್ಯಪ್ ತೆಗೆದುಹಾಕಲಿಲ್ಲ. ಕಾರಣ ಪೈ ಚಾರ್ಟ್‌ಗಳು. ಅಪ್‌ಡೇಟ್‌ನ ಕಣ್ಣು ಅವುಗಳ ಮೇಲೆ ಬಿದ್ದಿಲ್ಲ, ಸಂಖ್ಯೆಗಳು ಹಾಗೇ ಇವೆ. ಜೋಡಿ ಪೈಗಳ ಸೆಟ್‌ಗಳಂತೂ ಚಂದ.

ಒಂದು ಸಹಕಾರಿ ಸಂಘದ ಎರಡು ವರ್ಷಗಳ ಮಾರಾಟ ಅಂತ ಒಂದು ಸೆಟ್ ಇದೆ. ಮೊದಲ ವರ್ಷ ಒಟ್ಟು 2.4 ಕೋಟಿ, ಅದರಲ್ಲಿ ಕಾಳುಮೆಣಸಿನ ಹೋಳು 72 ಡಿಗ್ರಿ. ಎರಡನೇ ವರ್ಷ ಒಟ್ಟು 3 ಕೋಟಿ, ಮೆಣಸಿನ ಹೋಳು 60 ಡಿಗ್ರಿ. ಮೆಣಸಿನ ಮಾರಾಟ ಎಷ್ಟು ಪರ್ಸೆಂಟ್ ಬದಲಾಯಿತು?

ಹೋಳು ಸಣ್ಣದಾಯಿತು, ಮಾರಾಟವೂ ಇಳಿದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಪೈ ದೊಡ್ಡದಾದದ್ದು ಚಿತ್ರದಲ್ಲಿ ಕಾಣುವುದಿಲ್ಲ. ಎರಡೂ ವೃತ್ತ ಒಂದೇ ಅಳತೆಯವು. ಹಾಗಾಗಿ ಒಟ್ಟು ಮೊತ್ತದಿಂದಲೇ ಶುರು ಮಾಡಬೇಕು. 2.4ರಿಂದ 3ಕ್ಕೆ ಹೋದರೆ ಕಾಲು ಭಾಗ ಹೆಚ್ಚು, ಅಂದರೆ 5/4 ಪಟ್ಟು. ಹೋಳು 72ರಿಂದ 60ಕ್ಕೆ ಬಂದರೆ 5/6 ಪಟ್ಟು. ಡಿಗ್ರಿಯನ್ನು ಪರ್ಸೆಂಟಿಗೆ ಬದಲಿಸುವ ಗೋಜೇ ಬೇಡ, ಎರಡೂ ಡಿಗ್ರಿಯಲ್ಲೇ ಇರುವಾಗ ಅನುಪಾತ ಅದೇ ಇರುತ್ತದೆ. ಗುಣಿಸಿದರೆ 25/24. ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಏರಿಕೆ. ಇಪ್ಪತ್ತೈದರಲ್ಲಿ ಒಂದು ಅಂದರೆ ಶೇ 4, ಇದು ಅದಕ್ಕಿಂತ ತುಸು ಹೆಚ್ಚು. ಹೋಳು ಸಣ್ಣದಾದರೂ ಮೆಣಸಿನ ಮಾರಾಟ 48 ಲಕ್ಷದಿಂದ 50 ಲಕ್ಷಕ್ಕೆ ಏರಿದೆ.

ಈಗ ಆಯ್ಕೆಗಳನ್ನು ನೋಡಿ: ಶೇ 3.3 ಇಳಿಕೆ, ಶೇ 16.7 ಇಳಿಕೆ, ಶೇ 8.3 ಏರಿಕೆ, ಶೇ 4.2 ಏರಿಕೆ. ಮೊದಲನೆಯದು 72 ಡಿಗ್ರಿ ಅಂದರೆ ಶೇ 20, 60 ಡಿಗ್ರಿ ಅಂದರೆ ಶೇ 16.7 ಅಂತ ಮಾಡಿ, ಒಂದರಿಂದ ಒಂದನ್ನು ಕಳೆದವರಿಗೆ. ಎರಡನೆಯದು ಒಟ್ಟು ಮೊತ್ತ ಮರೆತವರಿಗೆ. ಮೂರನೆಯದು ನಿಜವಾದ ಬಲೆ. ಒಟ್ಟು ಶೇ 25 ಏರಿತು, ಪಾಲು ಶೇ 16.7 ಇಳಿಯಿತು, ಕಳೆದರೆ 8.3 ಅಂತ ಲೆಕ್ಕ ಹಾಕುವವರೇ ಹೆಚ್ಚು. ಬದಲಾವಣೆ ಶೇ 2, 3ರಷ್ಟು ಚಿಕ್ಕದಿದ್ದರೆ ಹೀಗೆ ಕೂಡಿ ಕಳೆದರೂ ನಡೆಯುತ್ತದೆ. ಶೇ 25ರಂಥ ದೊಡ್ಡ ಏರಿಕೆಯಲ್ಲಿ ನಡೆಯುವುದಿಲ್ಲ. ಶೇ 16.7 ಇಳಿದದ್ದು ಹಳೆಯ ಮೊತ್ತದ ಮೇಲಲ್ಲ, ಕಾಲು ಭಾಗ ಹಿಗ್ಗಿದ ಮೊತ್ತದ ಮೇಲೆ. ಆ ಹಿಗ್ಗಿದ ಕಾಲು ಭಾಗದ ಶೇ 16.7, ಅಂದರೆ ಇನ್ನೊಂದು 4.2, ಹೆಚ್ಚಾಗಿ ಕಳೆಯಬೇಕು. 8.3ರಲ್ಲಿ 4.2 ಹೋದರೆ ಉಳಿಯುವುದು ಶೇ 4ರ ಹತ್ತಿರ. ನಾಲ್ಕು ಆಯ್ಕೆಗಳಲ್ಲಿ ಒಂದೂ ದಂಡಕ್ಕೆ ಇಟ್ಟದ್ದಲ್ಲ. ಇಂಥ ಸೆಟ್ ಮುಗಿಸಿದ ದಿನ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಬಂದದ್ದೇ ಗೊತ್ತಾಗುವುದಿಲ್ಲ.

ನವೀಕರಿಸುತ್ತೇನಾ? ವರ್ಷದ ಚಂದಾ ಅಲ್ಲ, ತಿಂಗಳಿನದ್ದು ಮಾತ್ರ, ಅದೂ ಪರೀಕ್ಷೆಯ ದಿನಾಂಕ ಬಂದ ಮೇಲೆ. ದೊಡ್ಡ ಪರದೆಯ ಫೋನೋ ಮನೆಯಲ್ಲಿ ಲ್ಯಾಪ್‌ಟಾಪೋ ಇರುವವರಿಗೆ ಬಾರ್ ಗ್ರಾಫ್‌ನ ತೊಂದರೆ ಅಷ್ಟಾಗಿ ಇರಲಿಕ್ಕಿಲ್ಲ, ಅವರು ವರ್ಷಕ್ಕೇ ತೆಗೆದುಕೊಳ್ಳಬಹುದು. ನನ್ನ ಹಾಗೆ ಚಿಕ್ಕ ಫೋನಿನಲ್ಲಿ ಮಾಡುವವರು ಫೋನನ್ನು ಅಡ್ಡ ಹಿಡಿದು ನೋಡಿ. ಕೆಲವು ಸೆಟ್‌ಗಳಲ್ಲಿ ಕಂಬದ ಮೇಲಿನ ಸಂಖ್ಯೆ ಮತ್ತೆ ಕಾಣುತ್ತದೆ. ಯಾವ ಸೆಟ್‌ನಲ್ಲಿ ಕಾಣುತ್ತದೆ, ಯಾವುದರಲ್ಲಿ ಇಲ್ಲ ಅನ್ನುವುದಕ್ಕೆ ನಿಯಮ ಮಾತ್ರ ನನಗಿನ್ನೂ ಸಿಕ್ಕಿಲ್ಲ. ಐದರಲ್ಲಿ ಮೂರು ಸ್ಟಾರ್. ಸಂಖ್ಯೆ ವಾಪಸ್ ಬಂದ ದಿನ ನಾಲ್ಕು ಮಾಡುತ್ತೇನೆ.