ಹಳೇ ಫ್ರಿಜ್ ಮಾರಲು ಯಾವ ನಂಬರ್ ಕೊಡಬೇಕು? ಮೂರು ದಾರಿಗಳ ಹೋಲಿಕೆ

ಒಎಲ್‌ಎಕ್ಸ್‌ನಂಥ ಕಡೆ ಮನೆಯ ಫ್ರಿಜ್ಜೋ ಸೋಫಾನೋ ಮಾರಲು ಹೊರಟಾಗ ನಂಬರ್ ವಿಷಯದಲ್ಲಿ ಮೂರು ದಾರಿಗಳಿವೆ. ದಿನಬಳಕೆಯ ನಂಬರನ್ನೇ ಜಾಹೀರಾತಿನಲ್ಲಿ ತೋರಿಸುವುದು, ನಂಬರ್ ಮುಚ್ಚಿಟ್ಟು ಆ್ಯಪ್‌ನ ಚಾಟ್‌ನಲ್ಲೇ ಮಾತಾಡುವುದು, ಇಲ್ಲವೇ ಇದಕ್ಕೆಂದೇ ಇನ್ನೊಂದು ಸಿಮ್ ಇಟ್ಟುಕೊಳ್ಳುವುದು. ಮೂರನ್ನೂ ಬಳಸಿ ನೋಡಿದವರಾಗಿ ನಮ್ಮ ಅಭಿಪ್ರಾಯ ಇದು: ಮೊದಲನೆಯದು ಬೇಡವೇ ಬೇಡ. ಉಳಿದೆರಡನ್ನು ಒಂದಾದ ಮೇಲೊಂದು ಬಳಸಬೇಕು.

ದಿನಬಳಕೆಯ ನಂಬರ್ ಹಾಕಿದರೆ ಕರೆಗಳು ಬೇಗ ಬರುತ್ತವೆ, ಅದು ನಿಜ. ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು ಟೈಪ್ ಮಾಡುತ್ತ ಕೂರುವುದಿಲ್ಲ, ನೇರ ಫೋನ್ ಮಾಡುತ್ತಾರೆ. ಆದರೆ ನಮ್ಮಲ್ಲಿ ಬಹುಪಾಲು ಜನರಿಗೆ ಬ್ಯಾಂಕಿಗೂ ಯುಪಿಐಗೂ ಅದೇ ನಂಬರ್. ಯಾರಾದರೂ ಅದನ್ನು ಯುಪಿಐ ಆ್ಯಪ್‌ನಲ್ಲಿ ಹಾಕಿದರೆ ಖಾತೆಯಲ್ಲಿರುವ ನಿಮ್ಮ ಹೆಸರು ಕಾಣಿಸಬಹುದು. ಏರಿಯಾ ಜಾಹೀರಾತಿನಲ್ಲೇ ಇದೆ, ಮುಖ ವಾಟ್ಸಾಪ್ ಫೋಟೋದಲ್ಲಿದೆ. ಇಷ್ಟು ಸಿಕ್ಕವನು ಹೆಸರು ಹಿಡಿದು ಕರೆದಾಗ ಪರಿಚಯದವನೇ ಇರಬೇಕು ಅನ್ನಿಸುತ್ತದೆ. ಜಾಹೀರಾತು ಅಳಿಸಿದರೂ ನಕಲು ಮಾಡಿಕೊಂಡವರ ಪಟ್ಟಿಯಿಂದ ನಂಬರ್ ಹೋಗುವುದಿಲ್ಲ. 1909 ನಂಬರಿನ ಮೂಲಕ ಡಿಎನ್‌ಡಿ ಹಾಕಿಸಿದರೆ ನೋಂದಾಯಿತ ಕಂಪನಿಗಳ ಪ್ರಚಾರದ ಕರೆ ನಿಲ್ಲಬಹುದು. ಮಾಮೂಲಿ ಹತ್ತಂಕಿಯ ನಂಬರಿನಿಂದ ಕರೆ ಮಾಡುವ ವಂಚಕನಿಗೆ ಅದರ ತಡೆಯಿಲ್ಲ.

ಚಾಟ್ ನಿಧಾನ, ಪ್ರತಿಕ್ರಿಯೆಯೂ ಕಡಿಮೆ. ಜಾಹೀರಾತು ಹಾಕುವ ಮುನ್ನ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಫೋನ್ ನಂಬರ್ ತೋರಿಸುವ ಆಯ್ಕೆ ಆಫ್ ಆಗಿದೆಯೇ ನೋಡಿ. ವಿವರಣೆಯಲ್ಲೋ ಫೋಟೋದ ಮೇಲೋ ನಂಬರ್ ಬರೆದರೆ ಮುಚ್ಚಿಟ್ಟದ್ದೆಲ್ಲ ವ್ಯರ್ಥ. ಚಾಟ್‌ನ ನಿಜವಾದ ಲಾಭವೆಂದರೆ ಅಲ್ಲೇ ಜನ ಜರಡಿಯಾಗುತ್ತಾರೆ.

₹9,000ಕ್ಕೆ ಫ್ರಿಜ್ ಇಟ್ಟಿದ್ದೀರಿ ಎಂದುಕೊಳ್ಳಿ. ಕೊಳ್ಳುವ ಮನಸ್ಸಿದ್ದವರು ಎಷ್ಟು ಲೀಟರ್, ಯಾವ ವರ್ಷದ್ದು, ಕಂಪ್ರೆಸರ್ ಬದಲಿಸಿದ್ದೀರಾ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಎಂದು ಕೇಳುತ್ತಾರೆ. ಆಮೇಲೆ ಏಳು ಸಾವಿರಕ್ಕೆ ಕೊಡ್ತೀರಾ ಅಂತಾರೆ. ವಂಚಕ ಇದ್ಯಾವುದನ್ನೂ ಕೇಳದೆ ಪೂರ್ತಿ ಬೆಲೆಗೆ ಒಪ್ಪಿ, ವಾಟ್ಸಾಪ್ ನಂಬರ್ ಕೊಡಿ ಅನ್ನುತ್ತಾನೆ. ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ಗಾಡಿ ಕಳಿಸುತ್ತೇನೆ, ದುಡ್ಡು ಈಗಲೇ ಹಾಕುತ್ತೇನೆ ಎಂಬ ಮಾತು ಹಿಂದೆಯೇ ಬರುತ್ತದೆ. ನಂತರ ಒಂದು ಕ್ಯೂಆರ್ ಕೋಡ್: ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಬರುತ್ತದಂತೆ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಕೇಳಿದರೆ ಹಣ ನಿಮ್ಮ ಖಾತೆಯಿಂದಲೇ ಹೋಗುತ್ತಿದೆ ಎಂದರ್ಥ.

ಆದರೆ ಬರುವ ದಿನ ದಾರಿ ಕೇಳಲು ಫೋನ್ ಬೇಕೇ ಬೇಕು. ಎರಡನೇ ಸಿಮ್ಮಿನ ಕೆಲಸ ಅಲ್ಲಿ ಶುರು. ಬರುವ ದಿನ, ಹೊತ್ತು ಗೊತ್ತಾದ ಮೇಲಷ್ಟೇ ಆ ನಂಬರ್ ಕೊಡಿ. ಅದನ್ನು ಬ್ಯಾಂಕಿಗೆ, ಯುಪಿಐಗೆ, ಇಮೇಲಿಗೆ ಎಲ್ಲಿಗೂ ಜೋಡಿಸಬೇಡಿ. ಅದರಲ್ಲಿ ವಾಟ್ಸಾಪ್ ತೆರೆದರೆ ಫೋಟೋ ಹಾಕಬೇಡಿ, ಗುಂಪಿಗೆ ಸೇರಿಸುವ ಅವಕಾಶವನ್ನು ಕಾಂಟ್ಯಾಕ್ಟ್‌ನಲ್ಲಿರುವವರಿಗಷ್ಟೇ ಬಿಡಿ, ಎರಡು ಹಂತದ ಪರಿಶೀಲನೆಯ ಪಿನ್ ಇಡಿ. ನೀವು ನಿಜವಾದ ಮಾರಾಟಗಾರರೇ ಎಂದು ನೋಡಬೇಕು, ಬಂದ ಆರಂಕಿಯ ಕೋಡ್ ಹೇಳಿ ಎಂದು ಯಾರಾದರೂ ಕೇಳಿದರೆ, ನಿಮ್ಮ ವಾಟ್ಸಾಪ್ ಕಸಿಯಲು ನೋಡುತ್ತಿದ್ದಾರೆ. `*401*` ಎಂದು ಶುರುವಾಗುವ ಸಂಖ್ಯೆ ಒತ್ತಿಸುವವನು ನಿಮ್ಮ ಕರೆಗಳನ್ನು ತನ್ನತ್ತ ತಿರುಗಿಸಿಕೊಳ್ಳುತ್ತಾನೆ. ಒತ್ತಿಬಿಟ್ಟಿದ್ದರೆ ಕೂಡಲೇ `##002#` ಡಯಲ್ ಮಾಡಿ ಎಲ್ಲ ಫಾರ್ವರ್ಡಿಂಗ್ ರದ್ದು ಮಾಡಿ.

ಕಾಟ ಹೆಚ್ಚಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ ಒಂದನ್ನೇ ಆಫ್ ಮಾಡಬಹುದು, ಮನೆಯವರ ಕರೆಗೆ ತೊಂದರೆಯಿಲ್ಲ. ಈ ದಾರಿಯ ಕೊರತೆ ರೀಚಾರ್ಜ್ ಖರ್ಚು. ಸಿಮ್ ಬಳಸದೆ 90 ದಿನ ಕಳೆದರೆ ಕಂಪನಿ ಅದನ್ನು ನಿಲ್ಲಿಸಬಹುದು. ಮುಂದೆ ಅದೇ ನಂಬರ್ ಬೇರೆಯವರಿಗೆ ಸಿಗುತ್ತದೆ. ಸಿಮ್ ಬಿಡುವ ಮುಂಚೆ ಅದರ ವಾಟ್ಸಾಪ್ ಖಾತೆ ಅಳಿಸಿ, ಜಾಹೀರಾತಿನ ಆ್ಯಪ್‌ಗೂ ಅದೇ ನಂಬರ್ ಕೊಟ್ಟಿದ್ದರೆ ಬದಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಮುಖ್ಯ ನಂಬರ್ ಸೋರುವ ಒಂದು ಜಾಗವಿದೆ: ಹಣ ಪಡೆಯುವ ಹೊತ್ತು. ಕೆಲವು ಯುಪಿಐ ಐಡಿಗಳು ಮೊಬೈಲ್ ನಂಬರಿನಿಂದಲೇ ಶುರುವಾಗುತ್ತವೆ, ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡಿದವರಿಗೆ ಅದು ಕಾಣುತ್ತದೆ. ಆ್ಯಪ್‌ನ ಪ್ರೊಫೈಲ್‌ನಲ್ಲಿ ಮೊದಲೇ ನಂಬರ್ ಇಲ್ಲದ ಐಡಿ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ನಗದು ತೆಗೆದುಕೊಳ್ಳಿ. ಅವರ ಫೋನಿನ ಸ್ಕ್ರೀನ್‌ಶಾಟ್, ನಿಮಗೆ ಬಂದ ಎಸ್ಸೆಮ್ಮೆಸ್ ಎರಡನ್ನೂ ನಂಬದೆ ಬ್ಯಾಂಕ್ ಬ್ಯಾಲೆನ್ಸ್ ನೋಡಿಯೇ ಫ್ರಿಜ್ ಇಳಿಸಲು ಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗಿಲ್ಲ, ಅನುಮಾನದ ಕರೆಯಷ್ಟೇ ಬಂದಿದೆ ಎಂದಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ಆ ನಂಬರಿನ ಮೇಲೆ ದೂರು ಕೊಡಬಹುದು.